ಅಪ್ಪನ ಅಂಗಡಿ ವಹಿಸಿಕೊಳ್ಳುವುದಿಲ್ಲ ಎಂದು ಹೇಳುವುದು ಹೇಗೆ?

ಅಪ್ಪನದು ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ. ಮಗಳು ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿದ್ದಾಳೆ. ‘ಇನ್ನು ಅಂಗಡಿ ನೀನೇ ನೋಡಿಕೋ’ ಎಂಬುದು ಅಪ್ಪನ ಆಸೆ, ಅವಳಿಗೆ ಮನಸ್ಸಿಲ್ಲ. ಇಂಥಲ್ಲಿ ಹೆಚ್ಚಿನವರು ‘ಸದ್ಯಕ್ಕೆ ಬೇಡ, ಮುಂದೆ ನೋಡೋಣ’ ಎನ್ನುತ್ತಾರೆ. ಅತಿ ಹೆಚ್ಚು ಹಾನಿ ಮಾಡುವ ಮಾತು ಇದೇ. ಮಗಳು ಬಂದೇ ಬರುತ್ತಾಳೆಂದು ಅಪ್ಪ ಸಾಲ ಮಾಡಿ ಹುರಿಯುವ ಹೊಸ ಯಂತ್ರ ತರುತ್ತಾರೆ. ಕೆಲಸ ಬಲ್ಲ ಹುಡುಗನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವ ಯೋಚನೆಯನ್ನು ಕೈಬಿಡುತ್ತಾರೆ.

ಆದ್ದರಿಂದ ಮೊದಲು ಅಂಗಡಿಯ ಸಾಲ, ಬಾಡಿಗೆ, ಬರಬೇಕಾದ ಬಾಕಿ ಎಷ್ಟೆಂದು ತಿಳಿದುಕೊಳ್ಳಿ. ಅಪ್ಪನಿಗೆ ಬೇಕಿರುವುದು ವಾರಸುದಾರರೋ ಅಥವಾ ಸೋತ ಕೈಗೊಂದು ಆಸರೆಯೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಆಸರೆಯಾದರೆ ಸಂಬಳಕ್ಕೆ ಜನ ಸಿಗಬಹುದು.

ನವೆಂಬರ್‌ನಿಂದ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು. ಬೀಜ ಖರೀದಿಗೆ ಹಣ ಹೊಂದಿಸುವ ಆ ತಿಂಗಳುಗಳಲ್ಲಿ ಈ ಮಾತು ಎತ್ತಬೇಡಿ. ಗಿರಾಕಿಗಳ ಎದುರಂತೂ ಬೇಡವೇ ಬೇಡ. ಅಮ್ಮನ ಮೂಲಕ ಹೇಳಿಸಿದರೆ ಅದು ದೂರಿನಂತೆ ಕೇಳುತ್ತದೆ. ಬಿಡುವಿನ ದಿನ, ಮನೆಯಲ್ಲಿ, ನೀವೇ ಹೇಳಿ.

ನಿರ್ಧಾರ ಮೊದಲು ಬರಲಿ, ಕಾರಣ ಆಮೇಲೆ:

‘ಅಪ್ಪ, ಅಂಗಡಿಯನ್ನು ನಾನು ವಹಿಸಿಕೊಳ್ಳುವುದಿಲ್ಲ. ಪಶುವೈದ್ಯೆಯಾಗಿಯೇ ಇರುತ್ತೇನೆ. ಬೀಜ ಹುರಿಯುವಾಗ ಹದ ನೋಡಲು ನೀವು ಯಂತ್ರದ ಪಕ್ಕದಿಂದ ಕದಲುವುದಿಲ್ಲ. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಹಳ್ಳಿಯಿಂದ ಕರೆ ಬಂದರೆ ನಾನು ಆ ಕ್ಷಣವೇ ಹೊರಡಬೇಕು. ಎರಡನ್ನೂ ನಿಭಾಯಿಸಲು ನನ್ನಿಂದಾಗದು.’

ಇಷ್ಟು ಸಾಕು. ‘ಈ ವ್ಯಾಪಾರಕ್ಕೆ ಭವಿಷ್ಯವಿಲ್ಲ’ ಎಂದು ಸೇರಿಸಿದರೆ ಅವರ ಇಡೀ ದುಡಿಮೆಯನ್ನು ಹಳಿದಂತಾಗುತ್ತದೆ. ಕಾರಣಗಳನ್ನು ಪೇರಿಸುತ್ತಾ ಹೋದರೆ ಒಂದೊಂದಕ್ಕೂ ಅಪ್ಪನ ಬಳಿ ಪರಿಹಾರವಿರುತ್ತದೆ, ಮಾತುಕತೆ ಚೌಕಾಸಿಗಿಳಿಯುತ್ತದೆ. ಅವರು ಸಿಟ್ಟಾದರೆ, ಸುಮ್ಮನಾದರೆ, ಕಾಯಿರಿ. ಮರುದಿನ ಎಂದಿನಂತೆ ಮಾತನಾಡಿಸಿ, ಆದರೆ ಹೇಳಿದ್ದನ್ನು ಸಡಿಲಿಸಬೇಡಿ.

ನೆರವು ಕೊಡುವುದಾದರೆ ಅದಕ್ಕೊಂದು ಗಡಿ ಇರಲಿ: ‘ಮಾರ್ಚ್ ಕೊನೆಯವರೆಗೆ ಜಿಎಸ್‌ಟಿ ಲೆಕ್ಕ ನಾನೇ ನೋಡುತ್ತೇನೆ, ಅಷ್ಟರೊಳಗೆ ಹೊಸಬರಿಗೆ ಕಲಿಸಿಕೊಡುತ್ತೇನೆ.’

ಕೊನೆಯದು ಸಹಿಯ ವಿಚಾರ. ‘ಹೆಸರಿಗೆ ಮಾತ್ರ ಪಾಲುದಾರಳಾಗಿರು’ ಎಂದರೆ ಒಪ್ಪಬೇಡಿ. 1932ರ ಪಾಲುದಾರಿಕೆ ಕಾಯ್ದೆಯಡಿ ಪಾಲುದಾರರು ಸಂಸ್ಥೆಯ ಸಾಲಕ್ಕೆ ಸ್ವಂತ ಆಸ್ತಿಯಿಂದಲೂ ಹೊಣೆಗಾರರು. ಹಾಗೆಯೇ ಅಂಗಡಿ ಬೇಡವೆಂದ ಮಾತ್ರಕ್ಕೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗುವುದಿಲ್ಲ. ನೋಂದಾಯಿತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಹೋಗುತ್ತದೆ. ಮನಸ್ತಾಪದ ಬಿಸಿಯಲ್ಲಿ ಅಂಥ ಕಾಗದ ಮುಂದೆ ಬಂದರೆ, ವಕೀಲರಿಗೆ ತೋರಿಸಿದ ಮೇಲೆಯೇ ಪೆನ್ನು ಹಿಡಿಯಿರಿ.