ಮಾವನವರ ಮೊಬೈಲಿಗೆ ಹೋಗುತ್ತಿದ್ದ ಸಂದೇಶ

ನಮ್ಮ ಮನೆಯ ಹಣದ ವಿಚಾರ ಅತ್ತೆ ಮಾವ ಇರುವ ಅರಸೀಕೆರೆಗೆ ಹೇಗೆ ತಲುಪುತ್ತಿತ್ತು ಎಂಬುದು ನನಗೆ ತಿಳಿದದ್ದು ಮದುವೆಯಾದ ಮೂರನೆಯ ವರ್ಷದಲ್ಲಿ. ನನ್ನ ತಮ್ಮನ ಇಂಜಿನಿಯರಿಂಗ್ ಕಾಲೇಜಿನ ಶುಲ್ಕಕ್ಕೆ 60,000 ರೂಪಾಯಿ ಕಡಿಮೆ ಬಿದ್ದಿತ್ತು. ನಾನು ಕೇಳಿದ್ದಕ್ಕೆ ನನ್ನ ಗಂಡ ಮನೆಖರ್ಚಿನ ಖಾತೆಯಿಂದಲೇ ಅದನ್ನು ಕಟ್ಟಿದರು. ಕಟ್ಟಿ ಹತ್ತು ನಿಮಿಷವಾಗಿರಲಿಲ್ಲ, ಮಾವನವರು ಅವರಿಗೆ ಫೋನ್ ಮಾಡಿ, "ಅಷ್ಟು ದುಡ್ಡು ಯಾವುದಕ್ಕಪ್ಪ ಹೋಯ್ತು?" ಎಂದು ಕೇಳಿದರು. ಆ ಖಾತೆಯನ್ನು ನನ್ನ ಗಂಡ ವಿದ್ಯಾರ್ಥಿಯಾಗಿದ್ದಾಗ ಅಪ್ಪನ ಜೊತೆ ಜಂಟಿಯಾಗಿ ತೆರೆದಿದ್ದರು. ನೋಂದಾಯಿತ ಮೊಬೈಲ್ ಸಂಖ್ಯೆ ಮಾವನವರದೇ ಆಗಿ ಉಳಿದಿತ್ತು. ನಾನು ಪ್ರತಿ ತಿಂಗಳು ನನ್ನ ಸಂಬಳದಿಂದ ಹಾಕುತ್ತಿದ್ದ ಹಣ, ಮನೆಸಾಲದ ಕಂತು, ಕಿರಾಣಿ ಅಂಗಡಿಯ ಪಾವತಿ, ಎಲ್ಲದರ ಸಂದೇಶವೂ ಮೂರು ವರ್ಷಗಳಿಂದ ಅಲ್ಲಿಗೇ ಹೋಗುತ್ತಿತ್ತು.

ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಸಂಖ್ಯೆ ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಆದರೆ ಆ ರಾತ್ರಿ ನಾವಿಬ್ಬರೂ ಜಗಳವಾಡಿದೆವು, ಮತ್ತು ಮರುದಿನ ಬೆಳಿಗ್ಗೆ ಆ ಜಗಳವೂ ಊರಿಗೆ ತಲುಪಿತ್ತು. ನನ್ನ ಗಂಡ ದಿನವೂ ಕಚೇರಿಗೆ ಹೋಗುವ ದಾರಿಯಲ್ಲಿ ಅಮ್ಮನೊಂದಿಗೆ ಮಾತನಾಡುತ್ತಾರೆ. ಮನಸ್ಸು ಭಾರವಾಗಿದ್ದ ದಿನ ಅಲ್ಲಿ ಏನನ್ನು ಇಳಿಸುತ್ತಾರೆ ಎಂಬುದರ ಲೆಕ್ಕ ಅವರಿಗೂ ಇರಲಿಲ್ಲ. ಒಂದು ವಾರದ ನಂತರ ನೆಂಟರ ಗೃಹಪ್ರವೇಶದಲ್ಲಿ, ಅಡುಗೆಯವರಿಗೆ ಎಲೆ ಎಣಿಸಿಕೊಡುತ್ತಿದ್ದ ಅತ್ತಿಗೆ ನನ್ನನ್ನು ಕಂಡು, "ತಮ್ಮನ ಫೀಸು ಆಯ್ತಂತಲ್ಲ" ಎಂದರು. ಅವರ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ, ನನಗಂತೂ ಕೈಕಾಲು ತಣ್ಣಗಾಯಿತು.

ಆ ದಿನಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹಣಕ್ಕಿಂತ ಜಗಳದ ವರದಿ. ಗಂಡ ಹೆಂಡತಿ ರಾತ್ರಿ ಜಗಳವಾಡಿ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಸರಿಹೋಗಿರುತ್ತಾರೆ. ಆದರೆ ಸರಿಹೋದದ್ದನ್ನು ಯಾರೂ ಅಮ್ಮನಿಗೆ ಫೋನ್ ಮಾಡಿ ಹೇಳುವುದಿಲ್ಲ. ಆದ್ದರಿಂದ ನಮ್ಮಿಬ್ಬರ ನಡುವೆ ಮುಗಿದುಹೋದ ಮೂರು ವರ್ಷಗಳ ಜಗಳಗಳೆಲ್ಲ ಅತ್ತೆಯವರ ಮನಸ್ಸಿನಲ್ಲಿ ಮುಗಿಯದೆ ಹಾಗೆಯೇ ಉಳಿದಿದ್ದವು. ಅವರು ನನ್ನನ್ನು ನೋಡುವ ನೋಟದಲ್ಲಿದ್ದ ಬಿಗುವಿಗೆ ಕಾರಣ ನನಗೆ ಅರ್ಥವಾದದ್ದು ಆಗಲೇ.

ನಾನು ಮೊದಲು ಮಾಡಿದ ಕೆಲಸ ತಪ್ಪು ಕೆಲಸ. ಎಲ್ಲಿಂದ ಸೋರುತ್ತಿದೆ ಎಂದು ಪತ್ತೆ ಹಚ್ಚಲು, ನನಗೆ ಹುಬ್ಬಳ್ಳಿಗೆ ವರ್ಗವಾಗಬಹುದು ಎಂದು ಗಂಡನಿಗೆ ಸುಳ್ಳು ಹೇಳಿದೆ. ನಾಲ್ಕು ದಿನದಲ್ಲಿ ಅತ್ತೆಯವರು ಅದನ್ನೇ ಕೇಳಿದರು. ನನ್ನ ಅನುಮಾನ ನಿಜವಾಯಿತು, ಆದರೆ ವಿಷಯ ಬಯಲಾದಾಗ ಸುಳ್ಳು ಹೇಳಿದವಳು ನಾನೇ ಆದೆ, ಮತ್ತು ಗಂಡನ ತಪ್ಪಿನ ಬಗ್ಗೆ ಮಾತನಾಡುವ ಹಕ್ಕು ಒಂದು ತಿಂಗಳು ನನಗೆ ಇಲ್ಲದೆ ಹೋಯಿತು. ಅದಕ್ಕೂ ಮಿಗಿಲಾಗಿ, ಮಾತು ಬೆಳೆದಾಗ ಅವರು ನನ್ನನ್ನು, "ನೀನು ನಿನ್ನ ಅಕ್ಕನಿಗೆ ಏನೂ ಹೇಳಲ್ವಾ?" ಎಂದು ಕೇಳಿದರು. ಹೇಳುತ್ತಿದ್ದೆ. ಅವರ ಸಂಬಳ ಎಷ್ಟೆಂದು ನನ್ನ ಅಕ್ಕನಿಗೆ ಗೊತ್ತಿತ್ತು. ನನ್ನ ಅಕ್ಕ ಯಾರಿಗೂ ಹೇಳುವವಳಲ್ಲ ಎಂಬುದು ನನ್ನ ಸಮಾಧಾನವಾಗಿತ್ತು. ಅವರ ಅಮ್ಮನ ಬಗ್ಗೆ ಅವರ ಸಮಾಧಾನವೂ ಅದೇ ಆಗಿತ್ತು.

ಬ್ಯಾಂಕಿನ ಕೆಲಸ ಸುಲಭ. ಹಳೆಯ ಖಾತೆಯಿಂದ ಮಾವನವರ ಹೆಸರು ತೆಗೆಸಬೇಕಾದರೆ ಅವರ ಸಹಿಯೂ ಬೇಕಿತ್ತು, ಮತ್ತು ಆ ಸಹಿ ಕೇಳುವುದೇ ಒಂದು ಅವಮಾನವಾಗುತ್ತಿತ್ತು. ಹಾಗಾಗಿ ಆ ಖಾತೆಯನ್ನು ಮುಟ್ಟದೆ, ನಮ್ಮಿಬ್ಬರ ಹೆಸರಿನಲ್ಲಿ ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದಾದ ಹೊಸ ಜಂಟಿ ಖಾತೆಯನ್ನು ನಮ್ಮ ಮೊಬೈಲ್ ಸಂಖ್ಯೆ ಕೊಟ್ಟು ತೆರೆದೆವು. ಮನೆಸಾಲದ ಕಂತು ಹಳೆಯ ಖಾತೆಯಿಂದಲೇ ತಾನಾಗಿ ಕಡಿತವಾಗುತ್ತಿದ್ದುದರಿಂದ, ಹೊಸ ಖಾತೆಯಿಂದ ಕಡಿತ ಶುರುವಾಗುವ ತನಕ ಎರಡು ಕಂತಿನ ಹಣವನ್ನು ಹಳೆಯದರಲ್ಲಿ ಬಿಟ್ಟಿದ್ದೆವು. ಇಲ್ಲದಿದ್ದರೆ ಕಂತು ತಪ್ಪಿ ದಂಡ ಬೀಳುತ್ತಿತ್ತು, ಜೊತೆಗೆ ಕಂತು ತಪ್ಪಿದ ಸಂದೇಶವೂ ಮಾವನವರಿಗೇ ಹೋಗುತ್ತಿತ್ತು. ಗಂಡನ ಆದಾಯ ತೆರಿಗೆ ಖಾತೆಗೆ ಊರಿನ ಲೆಕ್ಕಿಗರ ಇಮೇಲ್ ಕೊಟ್ಟಿದ್ದುದನ್ನೂ ಆಗಲೇ ಬದಲಿಸಿಕೊಂಡರು. ಅವರ ಒಂದು ಹಳೆಯ ಠೇವಣಿಗೆ ಅತ್ತೆಯವರು ನಾಮಿನಿಯಾಗಿದ್ದರು. ಅದನ್ನು ಬದಲಿಸೋಣವೆಂದು ನಾನು ಹೇಳಲಿಲ್ಲ; ನಾಮಿನಿಗೆ ಖಾತೆಯ ವ್ಯವಹಾರ ಕಾಣುವುದಿಲ್ಲ, ಬದಲಿಸಿದರೆ ಮಾತ್ರ ಮನಸ್ಸು ನೋಯುತ್ತದೆ.

ಕಷ್ಟದ ಕೆಲಸ ಬೆಳಗಿನ ಫೋನಿನದು. ಒಂದು ಭಾನುವಾರ ಕುಳಿತು ನಾವು ಮಾಡಿಕೊಂಡ ಒಪ್ಪಂದ ಚಿಕ್ಕದು: ಆರೋಗ್ಯ, ಊರಿಗೆ ಬರುವ ದಿನ, ಕೆಲಸದ ಸುದ್ದಿಗಳನ್ನು ಇಬ್ಬರೂ ಯಾರಿಗೆ ಬೇಕಾದರೂ ಹೇಳಬಹುದು, ಸಂಬಳ, ಸಾಲ, ಉಳಿತಾಯ ಮತ್ತು ನಮ್ಮ ಜಗಳವನ್ನು ಇನ್ನೊಬ್ಬರನ್ನು ಕೇಳದೆ ಹೇಳಬಾರದು. ಈ ನಿಯಮ ನನ್ನ ಅಕ್ಕನಿಗೂ ಅನ್ವಯಿಸಿತು. ಆದರೆ ಮನಸ್ಸು ಕೆಟ್ಟಾಗ ಹೇಳಿಕೊಳ್ಳಲು ಒಬ್ಬರಾದರೂ ಬೇಕು ಎಂಬುದನ್ನು ನಿಯಮದಿಂದ ಅಳಿಸಲಾಗದು. ಆದ್ದರಿಂದ ಇಬ್ಬರೂ ಒಬ್ಬೊಬ್ಬ ಸ್ನೇಹಿತರ ಹೆಸರನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡೆವು. ಹೊಡೆತ, ಬೆದರಿಕೆಯಂಥದ್ದು ಇದ್ದ ಮನೆಯಾಗಿದ್ದರೆ ನಾನು ಇಂಥ ಒಪ್ಪಂದಕ್ಕೆ ಖಂಡಿತ ಒಪ್ಪುತ್ತಿರಲಿಲ್ಲ. ಅಲ್ಲಿ ತವರಿಗೆ ಹೇಳುವುದೇ ರಕ್ಷಣೆ.

ಮೊದಲ ತಿಂಗಳೇ ಇದು ಎಡವಿತು. ಅತ್ತೆಯವರು ಹೊಸ ಖಾತೆಯ ಬಗ್ಗೆ ಕೇಳಿದಾಗ ನನ್ನ ಗಂಡ, "ಅವಳು ಹೇಳ್ಬೇಡ ಅಂದಿದಾಳಮ್ಮ" ಎಂದುಬಿಟ್ಟರು. ನಿಯಮ ಪಾಲಿಸಿದೆ ಎಂಬ ಹೆಮ್ಮೆ ಬೇರೆ! ಹದಿನೈದು ದಿನ ಅತ್ತೆಯವರು ನನ್ನೊಂದಿಗೆ ಮಾತನಾಡಲಿಲ್ಲ. ಮಗ ಬಾಗಿಲು ಹಾಕಿದರೆ ತಾಯಿಗೆ ಬೇಸರವಾಗುತ್ತದೆ, ಸೊಸೆ ಹಾಕಿಸಿದಳೆಂದರೆ ಅದು ಹಗೆಯಾಗುತ್ತದೆ. ಅಂದಿನಿಂದ ನನ್ನ ಗಂಡ ತಮ್ಮ ಹೆಸರಿನಲ್ಲೇ ಉತ್ತರ ಕೊಡಲು ಕಲಿತರು: "ಅದನ್ನ ನಾನೇ ನೋಡ್ಕೋತೀನಮ್ಮ, ನೀನು ಯೋಚನೆ ಮಾಡ್ಬೇಡ." ಕೆಲವು ದಿನ ಈ ವಾಕ್ಯ ಅವರ ಬಾಯಲ್ಲಿ ಬಾಯಿಪಾಠದಂತೆ ಕೇಳಿಸುತ್ತಿತ್ತು.

ಪ್ರಶ್ನೆಗಳು ನಿಜವಾಗಿ ಕಡಿಮೆಯಾದದ್ದು ಇನ್ನೊಂದು ಕಾರಣಕ್ಕೆ. ಊರಿಗೆ ಹಣ ಕಳಿಸುವುದಕ್ಕೆ ನಮ್ಮಲ್ಲಿ ಕ್ರಮವಿರಲಿಲ್ಲ; ಒಂದು ತಿಂಗಳು ಹತ್ತು ಸಾವಿರ, ಇನ್ನೊಂದು ತಿಂಗಳು ಐದು, ಕೆಲವೊಮ್ಮೆ ಮರೆತೇ ಹೋಗುತ್ತಿತ್ತು. ಮಾವನವರು ಖಾತೆಯ ಸಂದೇಶವನ್ನು ಅಷ್ಟು ಗಮನವಿಟ್ಟು ಓದುತ್ತಿದ್ದುದು ನಮ್ಮ ಮೇಲಿನ ಕುತೂಹಲಕ್ಕಲ್ಲ, ತಮ್ಮ ಮುಂದಿನ ತಿಂಗಳ ಔಷಧಿಯ ಲೆಕ್ಕಕ್ಕೆ ಎಂಬುದು ನನಗೆ ತಡವಾಗಿ ತಿಳಿಯಿತು. ಈಗ ಪ್ರತಿ ತಿಂಗಳ 5ನೇ ತಾರೀಖು ಹೊಸ ಖಾತೆಯಿಂದ 12,000 ರೂಪಾಯಿ ಅವರ ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿದ್ದೇವೆ. ಮೂರನೆಯ ತಿಂಗಳ ಹಣವೂ ಅದೇ ದಿನ ತಲುಪಿದ ಮೇಲೆ ಅವರು ನಮ್ಮ ಖರ್ಚಿನ ಬಗ್ಗೆ ಕೇಳುವುದು ಹೆಚ್ಚುಕಡಿಮೆ ನಿಂತಿತು.

ಒಪ್ಪಂದ ಆಗಾಗ ಮುರಿಯುತ್ತದೆ. ಅದು ಅತ್ತೆಯವರ ಪ್ರಶ್ನೆಯಿಂದಲೇ ತಿಳಿಯುತ್ತದೆ: "ಹೇಗಿದೀರಿ?" ಎಂದರೆ ಅವರಿಗೆ ಏನೂ ಗೊತ್ತಿಲ್ಲ, "ಈಗ ಸರಿಹೋಯ್ತಾ?" ಎಂದರೆ ಹಿಂದಿನ ದಿನ ಏನೋ ಹೋಗಿದೆ. ಅಂಥ ದಿನ ನನ್ನ ಗಂಡನೇ ಅಮ್ಮನಿಗೆ ಮತ್ತೆ ಫೋನ್ ಮಾಡಿ, ಜಗಳ ಮುಗಿಯಿತೆಂದೂ ಹೇಳಬೇಕು ಎಂಬುದು ನಾವು ನಂತರ ಸೇರಿಸಿಕೊಂಡ ನಿಯಮ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಜಗಲಿಯಲ್ಲಿ ಕುಳಿತಿದ್ದ ಮಾವನವರು, "ಮನೆ ಸಾಲ ಎಷ್ಟು ಬಾಕಿ ಇದೆಯಪ್ಪ?" ಎಂದರು. "ತೀರ್ತಾ ಇದೆ ಅಪ್ಪ" ಎಂದ ನನ್ನ ಗಂಡ, ಈ ಸಲ ಕೊಬ್ಬರಿಗೆ ಏನು ದರ ಸಿಕ್ಕಿತೆಂದು ಕೇಳಿದರು. ಮೊತ್ತ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ.