ಮನೆಯಲ್ಲೂ 192.168.1, ಆಫೀಸಲ್ಲೂ 192.168.1: ವಿಪಿಎನ್ ಜಗಳ ಬಿಡಿಸಿದ ಬಗೆ

ನಮ್ಮದು ಚಿಕ್ಕ ಆಫೀಸು. ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಮನೆಯಿಂದ ಕೆಲಸ ಮಾಡುವವರಿಗೆ ಓಪನ್‌ವಿಪಿಎನ್ ಹಾಕಿಕೊಟ್ಟ ಮೇಲೆ ಒಂದೇ ದೂರು ಬೇರೆ ಬೇರೆ ಬಾಯಿಂದ ಬರತೊಡಗಿತು: "ಸರ್, ವಿಪಿಎನ್ ಕನೆಕ್ಟ್ ಆಗಿದೆ ಅಂತ ತೋರಿಸುತ್ತೆ, ಆದ್ರೆ ಫೈಲ್ ಸರ್ವರ್ ಸಿಗ್ತಿಲ್ಲ." ವಿಚಿತ್ರ ಅಂದರೆ ಕೆಲವರಿಗೆ ಎಲ್ಲವೂ ಸರಿಯಾಗಿ ಸಿಗುತ್ತಿತ್ತು. ಸರ್ವರ್ ಒಂದೇ, ಸೆಟ್ಟಿಂಗ್ ಒಂದೇ, ಮನೆ ಮಾತ್ರ ಬೇರೆ.

ಆಫೀಸಿನ ನೆಟ್‌ವರ್ಕ್ 192.168.1.0/24. ರೂಟರ್ .1, ಫೈಲ್ ಸರ್ವರ್ .20, ಪ್ರಿಂಟರ್ .50. ವಿಪಿಎನ್ ಸುರಂಗಕ್ಕೆ 10.8.0.0/24. ಸಿಗದವರೆಲ್ಲರ ಮನೆಯ ರೂಟರ್ ಕೊಡುತ್ತಿದ್ದ ವಿಳಾಸವೂ 192.168.1 ರಿಂದಲೇ ಶುರುವಾಗುತ್ತಿತ್ತು. ಖಾಸಗಿ ನೆಟ್‌ವರ್ಕ್‌ಗೆ ಅಂತ 1996ರಲ್ಲೇ ಮೂರು ದೊಡ್ಡ ಪಟ್ಟಿಗಳನ್ನು ಬಿಟ್ಟಿದ್ದಾರೆ: 10.0.0.0/8, 172.16.0.0/12, 192.168.0.0/16. ಇಷ್ಟು ಜಾಗ ಇದ್ದರೂ ಎಷ್ಟೋ ರೂಟರ್‌ಗಳು ಡಬ್ಬದಿಂದ ಹೊರಬರುವಾಗಲೇ 192.168.0 ಅಥವಾ 192.168.1 ಹಿಡಿದುಕೊಂಡು ಬರುತ್ತವೆ. ಯಾರೂ ಬದಲಾಯಿಸಲ್ಲ. ಘರ್ಷಣೆ ಆಗದಿದ್ದರೇ ಆಶ್ಚರ್ಯ ಅಲ್ವಾ?

ಒಳಗೆ ಏನಾಗುತ್ತದೆ ಅಂತ ಹೇಳ್ತೀನಿ. ಮನೆಯ ಲ್ಯಾಪ್‌ಟಾಪ್‌ಗೆ 192.168.1.34 ಸಿಕ್ಕಿದೆ ಅಂದುಕೊಳ್ಳಿ. 192.168.1.20ಕ್ಕೆ ಪ್ಯಾಕೆಟ್ ಕಳಿಸು ಅಂದರೆ, "ಇದು ನಮ್ಮ ಮನೆಯೊಳಗೇ ಇದೆ, ರೂಟರ್ ತನಕ ಹೋಗೋದು ಯಾಕೆ" ಅಂತ ಅದು ನಿರ್ಧರಿಸಿಬಿಡುತ್ತದೆ. ವೈಫೈ ಮೇಲೆ ಆರ್ಪ್ ಕೂಗು ಹಾಕುತ್ತದೆ: 20 ಯಾರು? ಯಾರೂ ಇಲ್ಲದಿದ್ದರೆ ಉತ್ತರ ಇಲ್ಲ. ಸುರಂಗದ ಕಡೆಗೆ ಆ ಪ್ಯಾಕೆಟ್ ತಿರುಗಿಯೂ ನೋಡಲ್ಲ. ವಿಂಡೋಸ್‌ನಲ್ಲಿ ಇದರ ಗುರುತು ಹೀಗಿರುತ್ತದೆ:

```
C:\> ping 10.8.0.1
Reply from 10.8.0.1: bytes=32 time=31ms TTL=64

C:\> ping 192.168.1.20
Reply from 192.168.1.34: Destination host unreachable.
```

ಎರಡನೇ ಉತ್ತರ ಬಂದಿರುವುದು ಯಾರಿಂದ ಅಂತ ನೋಡಿ. 192.168.1.34, ಅಂದರೆ ನಮ್ಮದೇ ಲ್ಯಾಪ್‌ಟಾಪ್. "ನಾನೇ ಹುಡುಕಿದೆ, ನನ್ನ ಪಕ್ಕದಲ್ಲಿ ಯಾರೂ ಇಲ್ಲ" ಅಂತ ಅದೇ ಹೇಳುತ್ತಿದೆ. ಸುರಂಗದ ಆ ತುದಿ, 10.8.0.1, ಚೆನ್ನಾಗಿ ಮಾತಾಡುತ್ತಿದೆ. ಈ ಎರಡೂ ಒಟ್ಟಿಗೆ ಕಂಡರೆ ಫೈರ್‌ವಾಲ್ ಕೆದಕುವ ಮೊದಲು ಮನೆಯ ವಿಳಾಸ ನೋಡಿ. ಓಪನ್‌ವಿಪಿಎನ್ ಲಾಗ್‌ನಲ್ಲೂ ಸಾಲು ಬಿದ್ದಿರುತ್ತದೆ, ಓದುವವರು ಕಡಿಮೆ:

```
WARNING: potential route subnet conflict between local LAN [192.168.1.0/255.255.255.0] and remote VPN [192.168.1.0/255.255.255.0]
```

ಪವರ್‌ಶೆಲ್‌ನಲ್ಲಿ `Find-NetRoute -RemoteIPAddress 192.168.1.20` ಕೊಟ್ಟು `InterfaceAlias` ನೋಡಿದರೆ ಖಚಿತ. ಅಲ್ಲಿ ವೈಫೈ ಹೆಸರಿದ್ದರೆ ಪ್ಯಾಕೆಟ್ ಮನೆಯಲ್ಲೇ ಸುತ್ತುತ್ತಿದೆ. ಲಿನಕ್ಸ್‌ನಲ್ಲಿ `ip route get 192.168.1.20` ಇದೇ ಕೆಲಸ ಮಾಡುತ್ತದೆ.

ಉತ್ತರ ಬರದಿದ್ದರೆ ಬೇಗ ಗೊತ್ತಾಗುತ್ತದೆ. ಬೇರೆಯವರು ಉತ್ತರ ಕೊಟ್ಟರೆ ಕಷ್ಟ. ಒಬ್ಬರ ಮನೆಯಲ್ಲಿ .50 ಅಂದರೆ ಟಿವಿ. ಪಿಂಗ್ ಮಾಡಿದರೆ ಸೊಗಸಾಗಿ ಉತ್ತರ ಬರುತ್ತಿತ್ತು, "ಪ್ರಿಂಟರ್ ಆನ್ ಇದೆ ಸರ್, ಪ್ರಿಂಟ್ ಮಾತ್ರ ಆಗ್ತಿಲ್ಲ" ಅಂತ ಅವರು. ಇನ್ನೂ ಒಂದು ಗೊಂದಲ: ಎರಡೂ ಕಡೆಯ ರೂಟ್ ಸಾಲುಗಳು ಒಂದೇ /24 ಆಗಿರುವಾಗ ಮೆಟ್ರಿಕ್ ಕಡಿಮೆ ಇದ್ದದ್ದು ಗೆಲ್ಲುತ್ತದೆ. ಹಾಗಾಗಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸುರಂಗವೇ ಗೆದ್ದು, ಆಫೀಸು ಸಿಕ್ಕಿ ಮನೆಯ ಪ್ರಿಂಟರ್ ಮಾಯವಾಗುತ್ತಿತ್ತು. ರೋಗ ಒಂದೇ, ಲಕ್ಷಣ ತಲೆಕೆಳಗು. ಎಲ್ಲ ಟ್ರಾಫಿಕ್ಕನ್ನೂ ವಿಪಿಎನ್‌ಗೆ ತಿರುಗಿಸಿದರೂ ಇದು ಹೋಗಲ್ಲ, ಯಾಕೆಂದರೆ ಮನೆಯ /24 ಸಾಲು ಡಿಫಾಲ್ಟ್ ರೂಟ್‌ಗಿಂತ ನಿಖರ, ನಿಖರವಾದದ್ದಕ್ಕೇ ಮೊದಲ ಮಣೆ.

ಆ ನಿಯಮವನ್ನೇ ಬಳಸಿ ತಾತ್ಕಾಲಿಕ ತೇಪೆ ಹಾಕಬಹುದು. ವಿಪಿಎನ್ ಸರ್ವರ್‌ನಲ್ಲಿ ಹೀಗೆ ಬರೆದೆ:

```
push "route 192.168.1.20 255.255.255.255"
```

ಒಂದೇ ವಿಳಾಸದ /32 ಸಾಲು ಇದು. /24ಕ್ಕಿಂತ ನಿಖರ, ಹಾಗಾಗಿ .20ಕ್ಕೆ ಹೋಗುವುದು ಮಾತ್ರ ಸುರಂಗದೊಳಕ್ಕೆ. ಮರಳಿ ಬರುವ ದಾರಿಗೂ ತೊಂದರೆ ಇಲ್ಲ, ಸರ್ವರ್‌ಗೆ ಕಾಣುವ ವಿಳಾಸ 10.8.0ದ್ದು. ಎರಡು ಆಫೀಸುಗಳ ರೂಟರ್‌ಗಳನ್ನೇ ಜೋಡಿಸಿದ್ದರೆ ಈ ತೇಪೆ ನಿಲ್ಲಲ್ಲ, ಅಲ್ಲಿ ಕಳಿಸುವವರ ವಿಳಾಸವೂ 192.168.1 ಆಗಿರುತ್ತದೆ. ಮನೆಯಲ್ಲೂ .20 ಇದ್ದರೆ ವಿಪಿಎನ್ ಇರುವಷ್ಟು ಹೊತ್ತು ಅದು ಕೈತಪ್ಪುತ್ತದೆ. ಆಫೀಸಿನ ರೂಟರ್ .1ಕ್ಕೆ ಮಾತ್ರ ಇದನ್ನು ಮಾಡಲೇಬೇಡಿ. ಮನೆಯ ರೂಟರ್ ಕೂಡ .1, ಡಿಎನ್‌ಎಸ್ ಕೂಡ ಅದೇ ಆಗಿದ್ದರೆ ಹೆಸರು ಕೇಳುವ ಪ್ರಶ್ನೆಗಳೂ ಸುರಂಗಕ್ಕೆ ಬೀಳುತ್ತವೆ, ಇಂಟರ್ನೆಟ್ಟೇ ಸತ್ತಂತೆ ಕಾಣುತ್ತದೆ.

ಗಟ್ಟಿ ಪರಿಹಾರ ಅಂದರೆ ಒಂದು ಕಡೆಯ ನಂಬರ್ ಬದಲಾಗಬೇಕು. ನೀವು ಬರೀ ಉದ್ಯೋಗಿ ಆಗಿದ್ದರೆ ಮನೆಯದನ್ನೇ ಬದಲಾಯಿಸಿ. ರೂಟರ್ ಪುಟದಲ್ಲಿ ಲ್ಯಾನ್ ವಿಳಾಸವನ್ನು 192.168.1.1 ಬದಲು 192.168.57.1 ಮಾಡಿ, ಡಿಎಚ್‌ಸಿಪಿ ಪಟ್ಟಿಯೂ ಅದಕ್ಕೆ ತಕ್ಕಂತೆ ಬದಲಾಗಿದೆಯಾ ನೋಡಿ, ರೂಟರ್ ಮತ್ತೆ ಎದ್ದ ಮೇಲೆ ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕೈಯಿಂದ ವಿಳಾಸ ಹಾಕಿದ ಪ್ರಿಂಟರ್, ಕ್ಯಾಮೆರಾ ಇದ್ದರೆ ಅವನ್ನು ಮಾತ್ರ ಹಿಡಿದು ಸರಿಮಾಡಬೇಕು. ಅಷ್ಟೇ ಕೆಲಸ. ಆದರೆ ನನ್ನ ಜಾಗದಲ್ಲಿ ಇರುವವರು ಎಲ್ಲರ ಮನೆಯ ರೂಟರ್ ಹಿಂದೆ ಓಡುವುದಕ್ಕಾಗಲ್ಲ. ನಾಳೆ ಇನ್ನೊಬ್ಬರು ಸೇರುತ್ತಾರೆ, ಅವರದ್ದೂ 192.168.1. ಆಫೀಸೇ ಬದಲಾಗಬೇಕು.

ಹೊಸ ನಂಬರಿಗೆ 10.87.14.0/24 ಆರಿಸಿದೆ. ಏನೂ ವಿಶೇಷ ಇಲ್ಲ, ಯಾರೂ ಸುಮ್ನೆ ಆರಿಸದ ಸಂಖ್ಯೆ ಇರಲಿ ಅಂತ. 10.0.0, 10.1.1 ಥರದವು ಮತ್ತೆ ಯಾರದ್ದೋ ಮನೆಯಲ್ಲಿ ಸಿಗುತ್ತವೆ. 172.17 ಬೇಡ, ಡಾಕರ್ ಅದನ್ನು ಹಿಡಿಯುತ್ತದೆ. 192.168.137 ವಿಂಡೋಸ್‌ನ ಇಂಟರ್ನೆಟ್ ಹಂಚಿಕೆಯದ್ದು, 192.168.122 ಲಿನಕ್ಸ್‌ನ ವರ್ಚುವಲ್ ಯಂತ್ರಗಳದ್ದು. ಕೊನೆಯ ಅಂಕಿಯನ್ನು ಮಾತ್ರ ಹಾಗೇ ಉಳಿಸಿಕೊಂಡೆ: .20 ಅಂದರೆ ಮೊದಲಿನಂತೆ ಫೈಲ್ ಸರ್ವರ್, .50 ಪ್ರಿಂಟರ್. ಇದು ಚಿಕ್ಕ ವಿಷಯ, ಆದರೆ ಫೋನಲ್ಲಿ ಯಾರಿಗಾದರೂ ಹೇಳುವಾಗ ಎಷ್ಟು ಹಗುರ ಅಂತ ಮಾಡಿದವರಿಗೆ ಗೊತ್ತು.

ಒಂದೇ ರಾತ್ರಿಯಲ್ಲಿ ಎಲ್ಲ ತಿರುಗಿಸುವ ಧೈರ್ಯ ನನಗಿಲ್ಲ. ಅದರ ಅಗತ್ಯವೂ ಇಲ್ಲ, ಒಂದೇ ತಂತಿಯ ಮೇಲೆ ಎರಡು ನಂಬರುಗಳು ಸ್ವಲ್ಪ ಕಾಲ ಜೊತೆಗಿರಬಹುದು. ಮೊದಲು ಡಿಎಚ್‌ಸಿಪಿ ಲೀಸ್ ಅವಧಿಯನ್ನು 24 ಗಂಟೆಯಿಂದ 10 ನಿಮಿಷಕ್ಕೆ ಇಳಿಸಿದೆ. ಇದನ್ನು ಬದಲಾವಣೆಗೆ ಕನಿಷ್ಠ ಒಂದು ದಿನ ಮುಂಚೆಯೇ ಮಾಡಬೇಕು, ಹಳೆಯ ಉದ್ದ ಲೀಸ್ ಹಿಡಿದುಕೊಂಡವರಿಗೆ ಇಳಿಸಿದ ಅವಧಿ ತಲುಪಬೇಕಲ್ಲ. ಆಮೇಲೆ ರೂಟರ್‌ಗೆ ಎರಡನೇ ವಿಳಾಸ ಕೊಟ್ಟೆ:

```
ip addr add 10.87.14.1/24 dev br-lan
```

ಫೈಲ್ ಸರ್ವರ್‌ಗೂ ಅದೇ ರೀತಿ 10.87.14.20 ಸೇರಿಸಿದೆ. ಈಗ ಅದು ಎರಡೂ ವಿಳಾಸದಲ್ಲಿ ಸಿಗುತ್ತದೆ. ಈ ಆಜ್ಞೆ ರೀಬೂಟ್ ಆದರೆ ಉಳಿಯಲ್ಲ, ಸೆಟ್ಟಿಂಗ್ ಫೈಲಿನಲ್ಲೂ ಬರೆಯಬೇಕು. ವಿಪಿಎನ್ ಸರ್ವರ್‌ನಲ್ಲಿ `push "route 10.87.14.0 255.255.255.0"` ಸೇರಿಸಿ ಓಪನ್‌ವಿಪಿಎನ್ ರೀಸ್ಟಾರ್ಟ್ ಮಾಡಿದ ಕೂಡಲೇ ಮನೆಯಿಂದ ಹೊಸ ವಿಳಾಸಕ್ಕೆ ಪಿಂಗ್ ಹೋಯಿತು. ಅಂದರೆ ಆಫೀಸಿನ ಒಳಗೆ ಒಂದು ಕಂಪ್ಯೂಟರ್ ಕೂಡ ಅಲುಗಾಡುವ ಮೊದಲೇ ಮನೆಯವರ ಮುಖ್ಯ ದೂರು ಮುಗಿದಿತ್ತು. ಎಷ್ಟೋ ಕಡೆ ಈ ಹಂತದಲ್ಲೇ ನಿಲ್ಲಿಸಿದರೂ ಸಾಕು ಅನ್ನುತ್ತೇನೆ.

ಮುಂದೆ ಹೋಗುವುದಾದರೆ ಡಿಎಚ್‌ಸಿಪಿ ಪಟ್ಟಿ ತಿರುಗಿಸುವ ಮೊದಲು ರೂಟರ್‌ನ ನ್ಯಾಟ್ ನಿಯಮ ಓದಿ. ನಮ್ಮಲ್ಲಿ 192.168.1.0/24ರಿಂದ ಬಂದದ್ದಕ್ಕೆ ಮಾತ್ರ ಹೊರದಾರಿ ಅಂತ ಬರೆದಿತ್ತು. ಹಾಗೇ ಬಿಟ್ಟರೆ ಹೊಸ ವಿಳಾಸದ ಕಂಪ್ಯೂಟರ್ ರೂಟರ್‌ಗೆ ಪಿಂಗ್ ಮಾಡುತ್ತದೆ, ಹೊರಗೆ ಮಾತ್ರ ಏನೂ ತೆರೆಯಲ್ಲ. ಎರಡು ನಂಬರುಗಳ ನಡುವಿನ ಮಾತುಕತೆ ಕೂಡ ಈಗ ರೂಟರ್ ಮೂಲಕವೇ, ಅದನ್ನು ಬಿಡುವ ನಿಯಮವೂ ಇರಬೇಕು.

ವಿಂಡೋಸ್ ಷೇರ್‌ಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಪ್ರೈವೇಟ್ ನೆಟ್‌ವರ್ಕ್ ಅಂತ ಗುರುತಿಸಿದ ಕಡೆ ವಿಂಡೋಸ್ ಫೈರ್‌ವಾಲ್ ಫೈಲ್ ಹಂಚಿಕೆಯನ್ನು ತನ್ನದೇ ಸಬ್‌ನೆಟ್‌ಗೆ ಮಾತ್ರ ಬಿಡುತ್ತದೆ. ಒಂದು ಕಂಪ್ಯೂಟರ್ ಹೊಸ ವಿಳಾಸಕ್ಕೆ ಬಂದು ಇನ್ನೊಂದು ಹಳೆಯದರಲ್ಲೇ ಇದ್ದರೆ, ಪಕ್ಕಪಕ್ಕದ ಮೇಜಿನವರಿಗೇ ಫೋಲ್ಡರ್ ತೆರೆಯಲ್ಲ. ವಿಪಿಎನ್‌ನಿಂದ ಬರುವ 10.8.0ದವರಿಗೂ ಇದೇ ಗತಿ. ಆ ನಿಯಮದ ರಿಮೋಟ್ ವಿಳಾಸದಲ್ಲಿ 10.87.14.0/24, 10.8.0.0/24, ಹಳೆಯದು ಇರುವ ತನಕ 192.168.1.0/24 ಕೂಡ ಸೇರಿಸಿದರೆ ಸರಿಹೋಗುತ್ತದೆ.

ಉಳಿದದ್ದು ತಮ್ಮಷ್ಟಕ್ಕೆ ಬದಲಾಗದ ಹಠಮಾರಿ ಯಂತ್ರಗಳು. ಪಟ್ಟಿ ಮಾಡಿಟ್ಟಿದ್ದೇವೆ ಅಂತ ಎಲ್ಲರೂ ಹೇಳ್ತಾರೆ, ಆ ಪಟ್ಟಿ ಯಾವತ್ತೂ ಪೂರ್ತಿ ಇರಲ್ಲ. ಅದಕ್ಕೇ ತಂತಿಗೇ ಕಿವಿಗೊಟ್ಟೆ:

```
# tcpdump -eni br-lan arp and net 192.168.1.0/24
... who-has 192.168.1.20 tell 192.168.1.77
```

ಎಲ್ಲರೂ ಹೊಸ ವಿಳಾಸಕ್ಕೆ ಬಂದ ಮೇಲೂ ಯಾರೋ .77 ಹಳೆಯ ಫೈಲ್ ಸರ್ವರನ್ನು ಕೇಳುತ್ತಿದ್ದಾರೆ. `-e` ಕೊಟ್ಟಿದ್ದರಿಂದ ಮ್ಯಾಕ್ ವಿಳಾಸವೂ ಸಿಕ್ಕಿತು. ಸ್ವಿಚ್‌ನಲ್ಲಿ ಅದು ಯಾವ ಪೋರ್ಟಿನಲ್ಲಿದೆ ಅಂತ ನೋಡಿದರೆ, ಬಾಗಿಲ ಪಕ್ಕದ ಹಾಜರಾತಿ ಯಂತ್ರ. ದಿನದ ಲೆಕ್ಕವನ್ನು .20ಕ್ಕೆ ಕಳಿಸುವಂತೆ ಯಾರೋ ಕೈಯಿಂದ ಬರೆದಿದ್ದರು. ಹೀಗೇ ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಹಾಕುವ ಪ್ರಿಂಟರ್ ಸಿಕ್ಕಿತು. ಸರ್ವರ್‌ನೊಳಗೆ `grep -rn "192\.168\.1\." /etc` ಹಾಕಿದಾಗ ಬ್ಯಾಕಪ್ ಸ್ಕ್ರಿಪ್ಟ್ ಸಿಕ್ಕಿತು. ಎಲ್ಲೆಲ್ಲಿ ಹೆಸರು ಹಾಕಲು ಜಾಗ ಇತ್ತೋ ಅಲ್ಲಿ ಸಂಖ್ಯೆ ತೆಗೆದು ಹೆಸರು ಹಾಕಿದೆ. ಒಂದು ಮಾತು: ವಿಂಡೋಸ್‌ನಲ್ಲಿ ಪ್ರಿಂಟರ್ ಪೋರ್ಟಿನ ಹೆಸರೇ `IP_192.168.1.50` ಅಂತ ಇದ್ದರೆ ಗಾಬರಿ ಬೇಡ. ಅದು ಬರೀ ಹೆಸರು, ಒಳಗಿನ ವಿಳಾಸ ಸರಿಯಿದ್ದರೆ ಆಯ್ತು.

ಪಿಸುಮಾತು ಪೂರ್ತಿ ನಿಂತ ಮೇಲೆ /32 ತೇಪೆ ತೆಗೆದೆ, ಹಳೆಯ ಪುಶ್ ಸಾಲು ತೆಗೆದೆ, ಕೊನೆಗೆ ಸರ್ವರ್ ಮತ್ತು ರೂಟರ್‌ನಿಂದ ಹಳೆಯ ವಿಳಾಸಗಳನ್ನು ಅಳಿಸಿದೆ. ಲೀಸ್ ಅವಧಿ ಮತ್ತೆ 24 ಗಂಟೆಗೆ. ಆಮೇಲೆ ಒಬ್ಬರು ಗಾಬರಿಯಿಂದ ಫೋನ್ ಮಾಡಿದ್ದರು, ಅವರ ಮನೆಯ ರೂಟರ್ 10.0.0.1, ಮಾಸ್ಕ್ 255.0.0.0. ಅಂದರೆ ಇಡೀ 10 ತನ್ನದೇ ಅನ್ನುತ್ತದೆ. ಮತ್ತೆ ಘರ್ಷಣೆಯಾ ಅಂತ ಕೇಳಿದರು. ಆಗಲ್ಲ, ಅವರದ್ದು /8, ನಾವು ಕಳಿಸುವುದು /24. ಪಿಂಗ್ ಮಾಡಿ ನೋಡಿ ಅಂದೆ, ಹೋಯಿತು.