ಗಾಜಿನ ಬೀರುವಿನಲ್ಲಿ ಬೇರಿಂಗು, ತೆರೆದ ಡ್ರಾಯರಿನಲ್ಲಿ ದುಡ್ಡು

ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. 640 ಐಟಂ ಇವೆ. ಮೊದಲೆಲ್ಲ ನನ್ನ ಲೆಕ್ಕ ಸುಲಭವಾಗಿತ್ತು: ದುಬಾರಿ ಸಾಮಾನಿಗೆ ಬೀಗ, ಅಗ್ಗದ್ದಕ್ಕೆ ತೆರೆದ ರ‍್ಯಾಕು. ಸ್ಪಿಂಡಲ್ ಬೇರಿಂಗ್ ಸೆಟ್ ಒಂದಕ್ಕೆ 38,000 ರೂಪಾಯಿ. ಅದನ್ನು ಗಾಜಿನ ಬೀರುವಿನಲ್ಲಿಟ್ಟು ಪ್ರತಿ ಶನಿವಾರ ಎಣಿಸುತ್ತಿದ್ದೆ. ಇರುವುದು ಒಂದೇ ಸೆಟ್, ಏನು ಎಣಿಸೋದು ಹೇಳಿ!

ವರ್ಷದ ಕೊನೆಗೆ ಯಜಮಾನರು ಕರೆದು, "ಸ್ಟೋರಲ್ಲಿ ಇಷ್ಟು ದುಡ್ಡು ಕೂತಿದೆ, ಆದ್ರೂ ವಾರಕ್ಕೊಂದು ಸಲ ಏನಾದ್ರೂ ಇಲ್ಲ ಅಂತೀರಲ್ಲ" ಅಂದರು. ಆಗ ಎಬಿಸಿ ಮಾಡಲು ಕೂತೆ, ಅಂದರೆ ವರ್ಷಕ್ಕೆ ಎಷ್ಟು ದುಡ್ಡಿನ ಮಾಲು ಖರ್ಚಾಗುತ್ತದೆ ಅಂತ ನೋಡಿ ಐಟಂಗಳನ್ನು ಮೂರು ಗುಂಪು ಮಾಡುವುದು.

ಕೆಲಸ ಇಷ್ಟೇ. ಒಂದು ವರ್ಷದ ಇಶ್ಯೂ ಸ್ಲಿಪ್‌ಗಳಿಂದ ಪ್ರತಿ ಐಟಂ ಎಷ್ಟು ಖರ್ಚಾಯಿತು ಅಂತ ತೆಗೆದೆ. ಅದನ್ನು ದರದಿಂದ ಗುಣಿಸಿದೆ. ಬಂದ ಮೊತ್ತ ದೊಡ್ಡದರಿಂದ ಚಿಕ್ಕದಕ್ಕೆ ಬರುವಂತೆ ಜೋಡಿಸಿ, ಮೇಲಿನಿಂದ ಕೂಡುತ್ತಾ ಬಂದರೆ ಒಟ್ಟಿನಲ್ಲಿ ಶೇಕಡಾ ಎಷ್ಟಾಯಿತು ಅಂತ ಪಕ್ಕದಲ್ಲೇ ಹಾಕಿದೆ. ಶೀಟಿನ C ಕಾಲಂನಲ್ಲಿ ಖರ್ಚಾದ ಪ್ರಮಾಣ, D ಯಲ್ಲಿ ದರ:

```
E2: =C2*D2
F2: =SUM(E$2:E2)/SUM(E$2:E$641)
```

ಶೇ 70 ಮುಟ್ಟುವ ಹೊತ್ತಿಗೆ 61 ಐಟಂ ಮಾತ್ರ ಆಗಿದ್ದವು. ಅವು ಎ. ಶೇ 90ರವರೆಗೆ ಇನ್ನೂ 128, ಅವು ಬಿ. ಉಳಿದ 451 ಐಟಂ ಸೇರಿ ಶೇ 10 ಅಷ್ಟೇ, ಅವು ಸಿ.

ಬೇರಿಂಗ್ ಬಿ ಗುಂಪಿಗೆ ಇಳಿದಿತ್ತು. ಎರಡು ವರ್ಷಕ್ಕೊಂದು ಸೆಟ್ ಬೇಕಾಗುತ್ತದೆ, ಅಂದರೆ ವರ್ಷಕ್ಕೆ 19,000. ಪಟ್ಟಿಯ ತಲೆಯಲ್ಲಿ ಕೂತಿದ್ದು ಟರ್ನಿಂಗ್ ಇನ್ಸರ್ಟ್, ಲೇತಿನಲ್ಲಿ ಲೋಹ ಕತ್ತರಿಸುವ ಪುಟ್ಟ ಅಲಗು. ಒಂದಕ್ಕೆ 280 ರೂಪಾಯಿ, ವರ್ಷಕ್ಕೆ 2,400, ಒಟ್ಟು 6.72 ಲಕ್ಷ. ಅದನ್ನು ನಾನು ಬೀಗವಿಲ್ಲದ ಡ್ರಾಯರಿನಲ್ಲಿ ಇಟ್ಟಿದ್ದೆ. ಆಪರೇಟರುಗಳು ಬಂದು ಹಿಡಿಯಷ್ಟು ತೆಗೆದುಕೊಂಡು ಹೋಗುತ್ತಿದ್ದರು.

ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಯಾಕೋ ಸರಿ ಕಾಣಲಿಲ್ಲ. 25 ಎಂಎಂ ಇಎನ್8 ಉಕ್ಕಿನ ರಾಡ್ ದಿನಾ ಕತ್ತರಿಸುತ್ತೇವೆ, ಆದರೂ ಬಿ ಅಂತ ತೋರಿಸುತ್ತಿತ್ತು. ಸ್ಲಿಪ್ ತೆಗೆದು ನೋಡಿದೆ. ಕೊಟ್ಟದ್ದು 900 ಮೀಟರ್, ದರ ಕೆಜಿಗೆ 75. ನಾನು ಮೀಟರನ್ನು ಕೆಜಿ ದರದಿಂದ ಗುಣಿಸಿ 67,500 ಅಂತ ಹಾಕಿದ್ದೆ. ಆ ರಾಡ್ ಮೀಟರಿಗೆ ಹತ್ತಿರ ಹತ್ತಿರ 3.85 ಕೆಜಿ ತೂಗುತ್ತದೆ. ಸರಿಯಾದ ಮೊತ್ತ 2.6 ಲಕ್ಷ. ತಕ್ಷಣ ಎ ಗುಂಪಿಗೆ ಹತ್ತಿತು. ಹಾಗಾಗಿ ವಿಂಗಡಿಸುವ ಮೊದಲು ಕೊಳ್ಳುವ ಅಳತೆ, ಕೊಡುವ ಅಳತೆ ಎರಡೂ ಒಂದೇನಾ ಅಂತ ನೋಡಲೇಬೇಕು. ಎಣ್ಣೆಯ ಬ್ಯಾರಲ್ ಮತ್ತು ಲೀಟರಿನಲ್ಲೂ ಇದೇ ಕಥೆ.

ಇನ್ನು ಗುಂಪಿಗೆ ತಕ್ಕ ಕಾಯಿದೆ. ಇನ್ಸರ್ಟನ್ನು ಮೊದಲು ಒಂದೇ ಸಲ ಸಾವಿರ ತರಿಸುತ್ತಿದ್ದೆವು, ಡಿಸ್ಕೌಂಟ್ ಆಸೆಗೆ. ಈಗ ವಾರಕ್ಕೆ 50 ಖರ್ಚು, ಮಾಲು ಬರಲು ಎರಡು ವಾರ, ಹಾಗಾಗಿ 100. ಮೇಲೆ ತಡವಾದರೆ ಇರಲಿ ಅಂತ 40. ಸ್ಟಾಕ್ 140ಕ್ಕೆ ಇಳಿದ ಕೂಡಲೇ 100ಕ್ಕೆ ಆರ್ಡರ್. ಸರಾಸರಿ ಕೂತಿರುವ ಸ್ಟಾಕ್ 90ರ ಆಸುಪಾಸು, ದುಡ್ಡಿನಲ್ಲಿ 25 ಸಾವಿರ. ಮೊದಲು ಒಂದೂವರೆ ಲಕ್ಷದ ಹತ್ತಿರ ಇರುತ್ತಿತ್ತು. ಡಿಸ್ಕೌಂಟ್ ಪೂರ್ತಿ ಹೋಗಲಿಲ್ಲ. ವರ್ಷದ ದರ ಒಪ್ಪಂದ ಮಾಡಿಕೊಂಡು ಮಾಲನ್ನು ಬಿಡಿಬಿಡಿಯಾಗಿ ತರಿಸುತ್ತೇವೆ. ಹಳೆ ಇನ್ಸರ್ಟ್ ವಾಪಸ್ ಕೊಟ್ಟರೆ ಮಾತ್ರ ಹೊಸದು. ಶನಿವಾರದ ಎಣಿಕೆ ಈಗ ಎ ಗುಂಪಿಗೆ ಮಾತ್ರ. ಬಿ ಗುಂಪನ್ನು ತಿಂಗಳಿಗೊಮ್ಮೆ ನೋಡಿ, ಕನಿಷ್ಠಕ್ಕಿಂತ ಕೆಳಗೆ ಇಳಿದದ್ದನ್ನು ಗರಿಷ್ಠದವರೆಗೆ ತುಂಬಿಸುತ್ತೇನೆ.

ಸಿ ಗುಂಪಿಗೆ ಎರಡು ಡಬ್ಬಿ. ಎಂ6 ಅಲೆನ್ ಬೋಲ್ಟ್ ಎರಡೂವರೆ ರೂಪಾಯಿ, ವಾರಕ್ಕೆ 60 ಖರ್ಚು. ಹಿಂದಿನ ಡಬ್ಬಿಯಲ್ಲಿ 200 ಇರುತ್ತದೆ. ಮುಂದಿನದು ಖಾಲಿಯಾದಾಗ ಹಿಂದಿನದನ್ನು ಮುಂದಕ್ಕೆ ಎಳೆದು, ಅದರೊಳಗಿನ ಚೀಟಿಯನ್ನು ಪರ್ಚೇಸ್ ಮೇಜಿಗೆ ಹಾಕಿದರೆ ಆಯ್ತು. ಎಣಿಕೆಯೂ ಇಲ್ಲ, ಸ್ಲಿಪ್ಪೂ ಇಲ್ಲ. ನಾಲ್ಕು ಬೋಲ್ಟ್ ಜಾಸ್ತಿ ಹೋದರೆ ಹೋಗಲಿ, ಸ್ಲಿಪ್ ಬರೆಯುವ ಸಮಯ ಅದಕ್ಕಿಂತ ದುಬಾರಿ.

ಇದೆಲ್ಲ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಾಗಲೇ ಹೈಡ್ರಾಲಿಕ್ ಚಕ್‌ನ ಸೀಲ್ ಕಿಟ್ ಮುಗಿಯಿತು. 450 ರೂಪಾಯಿ, ವರ್ಷಕ್ಕೆ ಮೂರು, ಪಕ್ಕಾ ಸಿ. ವರ್ಷಕ್ಕೆ ಮೂರೇ ಹೋಗುವುದಕ್ಕೆ ಎರಡು ಡಬ್ಬಿ ಎಲ್ಲಿಂದ? ಸುಮ್ನೆ ಒಂದು ಇಟ್ಟಿದ್ದೆ, ಅದನ್ನು ಹಾಕಿದ ಮೇಲೆ ಇಂಡೆಂಟ್ ಮರೆತಿದ್ದೆ. ಹೊಸದು ಮುಂಬಯಿಯಿಂದ ಬರಲು 12 ದಿನ. ಅಷ್ಟೂ ದಿನ ಆ ಸಿಎನ್‌ಸಿ ನಿಂತಿತ್ತು.

ಆಮೇಲೆ ಮೇಂಟೆನೆನ್ಸ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ಓದಿದೆ. "ಇದಿಲ್ಲದಿದ್ರೆ ಮೆಷಿನ್ ನಿಲ್ಲುತ್ತಾ, ಅಂಗಡಿಯಲ್ಲಿ ಅವತ್ತೇ ಸಿಗುತ್ತಾ?" ಈ ಎರಡೇ ಪ್ರಶ್ನೆ. ಮೆಷಿನ್ ನಿಲ್ಲುತ್ತೆ, ಅವತ್ತೇ ಸಿಗಲ್ಲ ಅಂದ 23 ಐಟಂಗಳ ಬಿನ್ ಕಾರ್ಡಿಗೆ ಕೆಂಪು ಚುಕ್ಕೆ ಇಟ್ಟೆವು. ಗುಂಪು ಯಾವುದೇ ಇರಲಿ, ಕೆಂಪು ಚುಕ್ಕೆಯದು ಒಂದು ಹೊರಗೆ ಹೋದ ದಿನವೇ ಒಂದಕ್ಕೆ ಆರ್ಡರ್ ಹೋಗುತ್ತದೆ. ಬೇರಿಂಗ್ ಸೆಟ್ಟಿಗೂ ಕೆಂಪು ಚುಕ್ಕೆ ಬಂತು. ಬೀರುವಿನಲ್ಲೇ ಇದೆ, ಆದರೆ ಜಾಗ ಸ್ವಲ್ಪ ಸರಿಸಿ ಇನ್ಸರ್ಟ್ ಡಬ್ಬಿಗಳನ್ನೂ ಅಲ್ಲೇ ಸೇರಿಸಿದ್ದೇನೆ.